9ನೇ ತರಗತಿ ಬಿ ವಿಭಾಗಕ್ಕೆ ಹೆಚ್ಚು ಬೆಳಕಿನ ಪ್ರೊಜೆಕ್ಟರ್ ಕೋರಿ ಮನವಿ

ಧಾರವಾಡ
ದಿನಾಂಕ: 18-11-2024

ಗೆ,
ಮಾನ್ಯ ಪ್ರಾಂಶುಪಾಲರು

ವಿಷಯ: 9ನೇ ಬಿ ಕೋಣೆಗೆ ಹೆಚ್ಚು ಬೆಳಕಿನ ಪ್ರೊಜೆಕ್ಟರ್ ಒದಗಿಸುವ ಬಗ್ಗೆ

ಮಾನ್ಯರೇ,

ಕಳೆದ ವಾರ ಮಕ್ಕಳಿಗೆ ಈರುಳ್ಳಿ ಸಿಪ್ಪೆಯ ಜೀವಕೋಶಗಳನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ನೋಡಿ ಚಿತ್ರ ಬರೆಯಲು ಹೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಇಟ್ಟಿಗೆ ಗೋಡೆಯ ಹಾಗೆ ಅಂದವಾಗಿ ಕೋಶಗಳನ್ನು ಬರೆದಿದ್ದಳು. ಆದರೆ ಒಂದರಲ್ಲೂ ನ್ಯೂಕ್ಲಿಯಸ್ ಇರಲಿಲ್ಲ. ಕೇಳಿದರೆ, "ಟೀಚರ್, ಪರದೆ ಮ್ಯಾಲ ಅದು ಕಾಣಲೇ ಇಲ್ರೀ" ಅಂದಳು. ನಾನೇ ಹಿಂದೆ ಹೋಗಿ ನಿಂತು ನೋಡಿದೆ. ಅವಳು ಹೇಳಿದ್ದು ನಿಜ.

ನಮ್ಮ ಕೋಣೆಗೆ ಪೂರ್ವಕ್ಕೆ ಮೂರು ದೊಡ್ಡ ಕಿಟಕಿಗಳಿವೆ. ವಿಜ್ಞಾನದ ಪಾಠ ಇರುವುದು ಬೆಳಗಿನ ಮೊದಲೆರಡು ಪೀರಿಯಡ್‌ನಲ್ಲಿ. ಮೊಬೈಲ್ ಆ್ಯಪ್‌ನಲ್ಲಿ ಅಳೆದಾಗ ಪರದೆ ಮೇಲೆ ಹಗಲಿನ ಬೆಳಕೇ ಸುಮಾರು 400 ಲಕ್ಸ್ ಬಂತು. ಲಕ್ಸ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬೆಳಕಿನ ಅಳತೆ. ಈಗಿನ ಪ್ರೊಜೆಕ್ಟರ್ ಹೊಸದಿದ್ದಾಗ 2800 ಲ್ಯೂಮೆನ್ಸ್‌ನದು. ಲ್ಯೂಮೆನ್ಸ್ ಅಂದರೆ ಅದು ಚೆಲ್ಲುವ ಒಟ್ಟು ಬೆಳಕು. ಲ್ಯಾಂಪ್ ಹಳೆಯದಾಗಿ ಈಗ ಅರ್ಧಕ್ಕೆ, ಅಂದರೆ 1400ಕ್ಕೆ ಇಳಿದಿರಬಹುದು. 8 ಅಡಿ ಅಗಲ, 6 ಅಡಿ ಎತ್ತರದ, ಅಂದರೆ ಸುಮಾರು 4.5 ಚದರ ಮೀಟರ್ ಪರದೆಗೆ ಅದನ್ನು ಹಂಚಿದರೆ 310 ಲಕ್ಸ್ ಆಸುಪಾಸು, ಅಂದರೆ ಬಿಸಿಲಿನ ಬೆಳಕಿಗಿಂತ ಕಡಿಮೆ. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು, ಅಲ್ವಾ? ಹಗಲಿನ ಬೆಳಕಿಗೆ ಪರದೆ ಎಷ್ಟು ಬೆಳ್ಳಗಿದೆಯೋ ಅದೇ ನಮ್ಮ ಕಪ್ಪು. ಹೀಗಾಗಿ ಬಿಳಿಗೂ ಕಪ್ಪಿಗೂ ಎರಡು ಪಟ್ಟು ವ್ಯತ್ಯಾಸವೂ ಉಳಿಯುವುದಿಲ್ಲ. ದೊಡ್ಡ ಅಕ್ಷರ ಹೇಗೋ ಓದಬಹುದು. ತಿಳಿ ಗುಲಾಬಿ, ತಿಳಿ ನೀಲಿ ಅಳಿಸಿಯೇ ಹೋಗುತ್ತವೆ.

ಕಿಟಕಿಗೆ ಬಟ್ಟೆ ಕಟ್ಟಿಯೂ ನೋಡಿದ್ದೇನೆ. ಮನೆಯಿಂದ ದಪ್ಪ ಬಟ್ಟೆ ತಂದು ಮೂರೂ ಕಿಟಕಿ ಮುಚ್ಚಿದೆ. ಚಿತ್ರ ಚೆನ್ನಾಗಿ ಕಂಡಿತು, ಆದರೆ ಮಕ್ಕಳಿಗೆ ತಮ್ಮ ನೋಟ್‌ಬುಕ್ ಕಾಣಲಿಲ್ಲ. 52 ಮಕ್ಕಳು ಕೂರುವ ಕೋಣೆಯಲ್ಲಿ ಗಾಳಿಯೂ ನಿಂತಿತು. ಅಂಥ ಒಳ್ಳೆಯ ಬೆಳಕಿನ ಕೋಣೆಯನ್ನು ದಿನಾ ಕತ್ತಲು ಮಾಡಲು ನನಗೆ ಮನಸ್ಸಿಲ್ಲ.

ಆದ್ದರಿಂದ 5000 ಲ್ಯೂಮೆನ್ಸ್‌ನ ಲೇಸರ್ ಪ್ರೊಜೆಕ್ಟರ್ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆಗ ಬಿಳಿ-ಕಪ್ಪಿನ ವ್ಯತ್ಯಾಸ ಸುಮಾರು ನಾಲ್ಕು ಪಟ್ಟಾಗುತ್ತದೆ. ಬೆಲೆ ಜಾಸ್ತಿ ಎಂಬುದು ಗೊತ್ತು. ಆದರೆ ಇದಕ್ಕೆ ಲ್ಯಾಂಪ್ ಬದಲಿಸುವ ಖರ್ಚಿಲ್ಲ. ಹಳೆಯದೂ ದಂಡವಾಗುವುದಿಲ್ಲ. ಕೆಳಗಿನ ಪ್ರಯೋಗಾಲಯಕ್ಕೆ ಬಿಸಿಲು ಬರುವುದಿಲ್ಲ, ಅಲ್ಲಿ ಹೊಸ ಲ್ಯಾಂಪ್ ಹಾಕಿದರೆ ಸಾಕು.

ಒಂದು ಮಾತು. ಕೊಟೇಶನ್‌ನಲ್ಲಿ ಸುಮ್ನೆ 'ಲ್ಯೂಮೆನ್ಸ್' ಅಂತಿದ್ದರೆ ನಂಬಬಾರದು. 'ಆನ್ಸಿ ಲ್ಯೂಮೆನ್ಸ್', ಅಂದರೆ ನಿಗದಿತ ಕ್ರಮದಲ್ಲಿ ಅಳೆದ ಬೆಳಕು, ಎಷ್ಟು ಎಂದು ಬರೆಸಿಕೊಳ್ಳಬೇಕು. ಕೊಳ್ಳುವ ಮೊದಲು ನಮ್ಮ ಕೋಣೆಯಲ್ಲೇ, ಬೆಳಿಗ್ಗೆ ಹತ್ತಕ್ಕೆ, ಕಿಟಕಿ ತೆರೆದಿಟ್ಟು ತೋರಿಸಲು ಅಂಗಡಿಯವರಿಗೆ ಹೇಳಿ. ಅವತ್ತು ತಾವೂ ಬಂದು ಕೊನೆಯ ಬೆಂಚಿನಲ್ಲಿ ಕೂತು ನೋಡಬೇಕೆಂದು ವಿನಂತಿ. ಅದೇ ಈರುಳ್ಳಿ ಸಿಪ್ಪೆಯ ಚಿತ್ರ ಹಾಕುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ
9ನೇ ತರಗತಿ, ಬಿ ವಿಭಾಗ