ಹೊಸಹಳ್ಳಿ ಆರೋಗ್ಯ ಶಿಬಿರದ ಸ್ಟ್ಯಾಂಡಿ: ಮ್ಯಾಟರ್ ಮತ್ತು ಡಿಸೈನ್

ಮಂಜಣ್ಣ, ನಮಸ್ಕಾರ. ಶಿಬಿರದ ಸ್ಟ್ಯಾಂಡಿ ಮ್ಯಾಟರ್ ಫೈನಲ್ ಆಯಿತು. ಸೈಜು 3 ಅಡಿ ಅಗಲ, 6 ಅಡಿ ಎತ್ತರ, ಎರಡು ಪೀಸ್. ಒಂದು ಹಾಲಿನ ಡೈರಿ ಜಗಲಿಗೆ, ಇನ್ನೊಂದು ಅರಳಿಕಟ್ಟೆ ಹತ್ತಿರದ ಬಸ್ ಸ್ಟಾಪಿಗೆ. ಬರಬೇಕಾದ ಅಕ್ಷರ ಇಷ್ಟೇ, ಮೇಲಿಂದ ಕೆಳಗೆ ಇದೇ ಸಾಲಿನಲ್ಲಿ:

ಉಚಿತ
ಆರೋಗ್ಯ ತಪಾಸಣೆ

ಬಿಪಿ • ಶುಗರ್ • ಕಣ್ಣು

ಭಾನುವಾರ, ಮಾರ್ಚ್ 8
ಬೆಳಿಗ್ಗೆ 7ರಿಂದ ಮಧ್ಯಾಹ್ನ 1
ಸರ್ಕಾರಿ ಶಾಲೆ, ಹೊಸಹಳ್ಳಿ

ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ, 9 ಗಂಟೆಯೊಳಗೆ ಬನ್ನಿ
ಹಳೇ ಚೀಟಿ, ಮಾತ್ರೆ ತನ್ನಿ

ಏನಾದರೂ ಕೇಳಬೇಕಾ?
ಡೈರಿ ಶಾಂತಮ್ಮ
ಹಾಲು ಹಾಕುವ ಹೊತ್ತಿನಲ್ಲಿ, ಬೆಳಿಗ್ಗೆ ಮತ್ತು ಸಂಜೆ

ಇದಕ್ಕಿಂತ ಒಂದು ಪದ ಜಾಸ್ತಿ ಬೇಡ ಅಣ್ಣ. ಸಂಘದ ಹೆಸರು, ಅಧ್ಯಕ್ಷರು, ದಾನಿಗಳು, ಸರ್ವರಿಗೂ ಸ್ವಾಗತ, ಯಾವುದೂ ಬೇಡ. ಯಾರಾದರೂ ನಿಮಗೆ ಫೋನ್ ಮಾಡಿ ನಮ್ಮ ಫೋಟೋ ಹಾಕು ಅಂದರೆ ನನ್ನ ಹೆಸರು ಹೇಳಿ, ನಾನು ಮಾತಾಡಿಕೊಳ್ಳುತ್ತೇನೆ. ಹೋದ ವರ್ಷದ ಬ್ಯಾನರ್‌ನಲ್ಲಿ ಹನ್ನೊಂದು ಜನರ ಫೋಟೋ ಇತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ಅದರ ಮುಂದೆ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡಿ, ಯಾವ ಎಲೆಕ್ಷನ್ನಪ್ಪ ಇದು ಅಂತ ಕೇಳಿ ಹೋದರು, ಅವರಿಗೇ ಕಣ್ಣಿನ ತಪಾಸಣೆ ಬೇಕಿತ್ತು. ಆ ಬ್ಯಾನರ್‌ನಲ್ಲಿ ನಾಲ್ಕು ಫೋನ್ ನಂಬರ್ ಕೂಡ ಇತ್ತು, ಎರಡು ಸ್ವಿಚ್ ಆಫ್, ಒಬ್ಬರು ಇನ್ನೊಬ್ಬರನ್ನು ಕೇಳಿ ಅಂದರು. ಅದಕ್ಕೇ ಈ ಸಲ ಒಬ್ಬರೇ. ಶಾಂತಮ್ಮ ಎರಡು ಹೊತ್ತೂ ಡೈರಿಯಲ್ಲೇ ಇರುತ್ತಾರೆ, ಊರವರೆಲ್ಲ ಅಲ್ಲಿಗೇ ಬರುತ್ತಾರೆ, ಮುಖ ನೋಡಿ ಕೇಳಿದರೆ ನಮ್ಮ ಹಿರಿಯರಿಗೆ ಧೈರ್ಯ. ಅವರಿಗೆ ಎಲ್ಲ ವಿಷಯ ಹೇಳಿದ್ದೇನೆ, ಒಪ್ಪಿದ್ದಾರೆ.

ಡಿಸೈನ್ ಹೀಗಿರಲಿ. ಹಿನ್ನೆಲೆ ಪೂರ್ತಿ ಬಿಳಿ, ಅಕ್ಷರ ಕಡು ನೀಲಿ. "ಉಚಿತ" ಮಾತ್ರ ಹಸಿರು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಒಂದು ಗೇಣು ಎತ್ತರ ಇದ್ದರೂ ಪರವಾಗಿಲ್ಲ. ದುಡ್ಡು ಎಷ್ಟಾಗುತ್ತೋ ಅನ್ನೋ ಭಯಕ್ಕೇ ಎಷ್ಟೋ ಜನ ಬರುವುದಿಲ್ಲ. ಅದರ ಕೆಳಗೆ ಒಂದೇ ಚಿತ್ರ ಸಾಕು, ತೋಳಿಗೆ ಬಿಪಿ ಪಟ್ಟಿ ಕಟ್ಟಿಸಿಕೊಂಡು ಕೂತ ಅಜ್ಜನದು. ಓದು ಬಾರದವರಿಗೂ ಅದು ತಿಳಿಯುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಕೋಟು ಹಾಕಿ ನಗುವ ಡಾಕ್ಟರ್ ಫೋಟೋ ಬೇಡ.

ಶಾಂತಮ್ಮನ ಹೆಸರು ತೀರಾ ಕೆಳಗೆ ಹೋಗಬಾರದು. ಬುಡದ ಒಂದೂವರೆ ಅಡಿ ಖಾಲಿ ಬಿಡಿ, ಬರೀ ಹಸಿರು ಬಣ್ಣ ತುಂಬಿದರೆ ಸಾಕು. ಸ್ವಲ್ಪ ಭಾಗ ಸ್ಟ್ಯಾಂಡಿನ ಡಬ್ಬಿಯೊಳಗೆ ಹೋಗುತ್ತದೆ, ಉಳಿದದ್ದಕ್ಕೆ ಹಾಲಿನ ಕ್ಯಾನ್ ಅಡ್ಡ ಬರುತ್ತವೆ. ಹೆಸರಿನ ಸುತ್ತ ಒಂದು ಚೌಕ ಹಾಕಿ, ತಾರೀಕಿನಷ್ಟೇ ದಪ್ಪ ಇರಲಿ.

"ಖಾಲಿ ಹೊಟ್ಟೆ" ಸಾಲಿನಲ್ಲಿ "9 ಗಂಟೆಯೊಳಗೆ" ದಯವಿಟ್ಟು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ. ಅದು ಇಲ್ಲದಿದ್ದರೆ ಶುಗರ್ ಇರೋ ವಯಸ್ಸಾದವರು ಹನ್ನೆರಡು ಗಂಟೆವರೆಗೂ ಏನೂ ತಿನ್ನದೆ ಕ್ಯೂನಲ್ಲಿ ನಿಂತು ತಲೆ ಸುತ್ತಿ ಬೀಳುತ್ತಾರೆ. ರಕ್ತ ಕೊಟ್ಟ ತಕ್ಷಣ ಅಲ್ಲೇ ಉಪ್ಪಿಟ್ಟು ಕೊಡುತ್ತೇವೆ, ಅದನ್ನು ಸ್ಟ್ಯಾಂಡಿಯಲ್ಲಿ ಹಾಕುವುದು ಬೇಡ, ಶಾಂತಮ್ಮ ಬಾಯಲ್ಲೇ ಹೇಳುತ್ತಾರೆ.

ನಾನು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೇನೆ. ಕೋರೆಲ್‌ಗೆ ಹಾಕಿದಾಗ ಒತ್ತಕ್ಷರ ಒಡೆದುಹೋದರೆ ನುಡಿಯಲ್ಲೇ ಹೊಸದಾಗಿ ಟೈಪ್ ಮಾಡಿಬಿಡಿ. ಆರೋಗ್ಯ, ಹೊಟ್ಟೆ, ಮಾತ್ರೆ, ಶಾಂತಮ್ಮ, ಈ ನಾಲ್ಕು ಪದದ ಒತ್ತು ಒಂದೊಂದಾಗಿ ನೋಡಿ, ಆಮೇಲೆ ಕರ್ವ್ಸ್ ಮಾಡಿ ಪ್ರಿಂಟಿಗೆ ಕಳಿಸಿ. ಅಂಕುಡೊಂಕು ಫಾಂಟ್, ನೆರಳು, ಹೊಳಪು ಏನೂ ಬೇಡ.

ಪ್ರೂಫ್ ವಾಟ್ಸಾಪ್‌ಗೆ ಬುಧವಾರ ಹಾಕಿ. ಮೊಬೈಲನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು "ಉಚಿತ", ತಾರೀಕು, ಶಾಂತಮ್ಮ, ಮೂರೂ ಕಾಣುತ್ತದಾ ನೋಡಿ ಆವತ್ತೇ ಓಕೆ ಹೇಳುತ್ತೇನೆ. ಫೆಬ್ರವರಿ 27ರ ಶುಕ್ರವಾರ ಸಂಜೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಶನಿವಾರ ಬೆಳಿಗ್ಗೆ ಹಾಲು ಹಾಕೋಕೆ ಜನ ಬರುವಷ್ಟರಲ್ಲಿ ಡೈರಿ ಜಗಲಿಯಲ್ಲಿ ಅದು ನಿಂತಿರಬೇಕು. ಗಾಳಿಗೆ ಬೀಳದ ಹಾಗೆ ಕಂಬಕ್ಕೆ ಕಟ್ಟೋಕೆ ಹಗ್ಗ ನನ್ನ ಹತ್ತಿರವೇ ಇದೆ.