ವಿಷಯ: ಪೆಟ್ಟಿಗೆ ದರ ಏರಿಕೆ ಒಪ್ಪಲು ಆಗುತ್ತಿಲ್ಲ, ಬದಲಿಗೆ ಹಳೆ ದರಕ್ಕೆ ಎರಡು ವರ್ಷದ ಕರಾರು

ಗಣೇಶಣ್ಣ, ನಮಸ್ಕಾರ.

ನಿಮ್ಮ ಶುಕ್ರವಾರದ ಮೇಲ್ ಸಿಕ್ಕಿತು. ಏಪ್ರಿಲ್ 1ರಿಂದ 12 ಬಾಟಲಿಯ ಐದು ಪದರದ ಪೆಟ್ಟಿಗೆ 29.50ರಿಂದ 33 ರೂಪಾಯಿಗೆ, ಪೌಚಿನ ಮೂರು ಪದರದ ಪೆಟ್ಟಿಗೆ 16.20ರಿಂದ 18.15ಕ್ಕೆ ಅಂತ ಬರೆದಿದ್ದೀರಿ. ಸುತ್ತಿ ಬಳಸಿ ಹೇಳುವುದಿಲ್ಲ. ಈ ಏರಿಕೆ ನಮ್ಮಿಂದ ಆಗುವುದಿಲ್ಲ. ಆದರೆ ಬರೀ ಇಲ್ಲ ಅಂತ ಬರೆದು ಮೇಲ್ ಮುಗಿಸುವ ಸಂಬಂಧ ನಮ್ಮದಲ್ಲ, ಹಾಗಾಗಿ ಎರಡು ದಿನ ಕೂತು ಲೆಕ್ಕ ಹಾಕಿದ್ದೇನೆ. ಪೂರ್ತಿ ಓದಿ, ಆಮೇಲೆ ಫೋನ್ ಮಾಡಿ.

ಮೊದಲು ಯಾಕೆ ಆಗುವುದಿಲ್ಲ ಅಂತ ಹೇಳುತ್ತೇನೆ. ಕಳೆದ ವರ್ಷ ಕೊಬ್ಬರಿ ರೇಟು ಏರಿದ್ದನ್ನು ನೀವೂ ನೋಡಿದ್ದೀರಿ. 2025ರ ಮಧ್ಯದಲ್ಲಿ ಕೇರಳದಲ್ಲಿ ಲೀಟರ್ ತೆಂಗಿನೆಣ್ಣೆ 400 ರೂಪಾಯಿ ದಾಟಿದಾಗ, ತಿಂಗಳಿಗೆ ಎರಡು ಲೀಟರ್ ಒಯ್ಯುತ್ತಿದ್ದ ಮನೆಯವರು ಒಂದಕ್ಕೆ ಇಳಿದರು, ಒಂದು ಲೀಟರಿನವರು ಪೌಚಿಗೆ ಬಂದರು, ಕೆಲವರು ಕರಿಯುವುದಕ್ಕೆ ಬೇರೆ ಎಣ್ಣೆ ಹಿಡಿದರು. ಕುಂಬಳೆ, ಬದಿಯಡ್ಕದ ಅಂಗಡಿಯವರು ನನಗೆ ನೇರವಾಗಿ ಹೇಳಿದ್ದಾರೆ, ಇನ್ನು ಒಂದು ರೂಪಾಯಿ ಎಂಆರ್‌ಪಿ ಏರಿಸಿದರೂ ನಿಮ್ಮ ಬಾಟಲಿ ಕಪಾಟಿನಲ್ಲೇ ಕೂರುತ್ತದೆ ಅಂತ. ತಿಂಗಳಿಗೆ 9,000 ದೊಡ್ಡ ಪೆಟ್ಟಿಗೆ, 6,000 ಸಣ್ಣದು ನಿಮ್ಮಿಂದ ಬರುತ್ತದೆ. ನಿಮ್ಮ ಹೊಸ ದರಕ್ಕೆ ನಮಗೆ ತಿಂಗಳಿಗೆ 43,200 ರೂಪಾಯಿ ಜಾಸ್ತಿ ಬೀಳುತ್ತದೆ. ಅದನ್ನು ಗಿರಾಕಿಯ ಮೇಲೆ ಹಾಕಲು ದಾರಿ ಇಲ್ಲ, ನಮ್ಮ ಕೈಯಿಂದ ಹಾಕಲು ಅಷ್ಟು ಲಾಭವೂ ಇಲ್ಲ.

ಈಗ ನಿಮ್ಮ ಕಾರಣಗಳಿಗೆ ಬರುತ್ತೇನೆ. ಕ್ರಾಫ್ಟ್ ಪೇಪರ್ ಕಿಲೋಗೆ 33ರಿಂದ 36 ಆಗಿದೆ ಅಂದಿರಿ, ಮಿಲ್ಲಿನ ಎರಡು ಬಿಲ್ಲನ್ನೂ ಜೊತೆಗೆ ಕಳಿಸಿದ್ದೀರಿ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಿನ್ನೆ ಗೋಡೌನಿನಿಂದ ಹತ್ತು ದೊಡ್ಡ ಪೆಟ್ಟಿಗೆ ತರಿಸಿ ನಮ್ಮ ಎಣ್ಣೆ ತೂಗುವ ತಕ್ಕಡಿಯಲ್ಲೇ ಇಟ್ಟು ನೋಡಿದೆ, ಒಂದಕ್ಕೆ ಸರಾಸರಿ 585 ಗ್ರಾಂ ಬಂತು. ಕತ್ತರಿಸುವಾಗ ಹೋಗುವ ಚೂರು ಪಾರು ಸೇರಿಸಿದರೂ 615 ಗ್ರಾಂ ಪೇಪರ್. ಕಿಲೋಗೆ ಮೂರು ರೂಪಾಯಿ ಏರಿದರೆ ಒಂದು ಪೆಟ್ಟಿಗೆಗೆ ತಗಲುವುದು ಒಂದು ರೂಪಾಯಿ 85 ಪೈಸೆ. ನೀವು ಕೇಳಿದ್ದು ಮೂರೂವರೆ.

ಉಳಿದದ್ದಕ್ಕೆ ಜಿಎಸ್‌ಟಿ ಅಂತ ಬರೆದಿದ್ದೀರಿ. ಅಲ್ಲಿ ನಿಮಗೆ ನಿಜಕ್ಕೂ ತೊಂದರೆ ಆಗಿದೆ, ಅದು ನನಗೂ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಪೆಟ್ಟಿಗೆಗೆ 12 ಇದ್ದದ್ದು ಶೇಕಡಾ 5ಕ್ಕೆ ಇಳಿಯಿತು, ಕ್ರಾಫ್ಟ್ ಪೇಪರಿಗೆ 12 ಇದ್ದದ್ದು 18ಕ್ಕೆ ಏರಿತು. ಕೊಳ್ಳುವಾಗ ಜಾಸ್ತಿ ತೆರಿಗೆ ಕಟ್ಟಿ ಮಾರುವಾಗ ಕಮ್ಮಿ ವಸೂಲು ಮಾಡಿದರೆ ದುಡ್ಡು ಕ್ರೆಡಿಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಪೆಟ್ಟಿಗೆಗೆ ಎರಡೂವರೆ ರೂಪಾಯಿ ಹಾಗೆ ಕೂರುತ್ತದೆ. ಆದರೆ ಗಣೇಶಣ್ಣ, ಅದು ಖರ್ಚಲ್ಲ, ತಡ. ಪೇಪರಿನ ಮೇಲೆ ಕಟ್ಟಿದ ಆ ತೆರಿಗೆಯನ್ನು ರಿಫಂಡ್ ಕೇಳಬಹುದು. ನಾಲ್ಕು ತಿಂಗಳು ತಡವಾಗಿ ಬಂದರೂ ಶೇಕಡಾ 12ರ ಬಡ್ಡಿಯಲ್ಲಿ ಪೆಟ್ಟಿಗೆಗೆ ಹತ್ತು ಪೈಸೆ. ನೀವು ಇನ್ನೂ ಅರ್ಜಿಯನ್ನೇ ಹಾಕಿಲ್ಲ ಅಂತ ಕಳೆದ ಸಲ ಹೇಳಿದ ನೆನಪು. ದಯವಿಟ್ಟು ಹಾಕಿಸಿ ಮಾರಾಯ್ರೆ, ಬರಬೇಕಾದ ದುಡ್ಡನ್ನು ಸುಮ್ನೆ ಬಿಡಬೇಡಿ. ನಮ್ಮ ಆಡಿಟರ್ ಹತ್ತಿರ ಬೇಕಾದರೆ ಮಾತಾಡಿಸುತ್ತೇನೆ.

ಕೂಲಿ, ಕರೆಂಟು ಏರಿದ್ದನ್ನು ಇಲ್ಲ ಅನ್ನುವುದಿಲ್ಲ. ಅದಕ್ಕೆ ನನ್ನ ಉತ್ತರ ಮುಂದಿನ ಪ್ರಸ್ತಾಪದಲ್ಲಿ ಉಂಟು.

ಈಗಿನ ನಮ್ಮ ವ್ಯವಹಾರ ವರ್ಷದ ದರಪಟ್ಟಿ, ತಿಂಗಳ ಆರ್ಡರ್. ಇಷ್ಟು ತೆಗೆದುಕೊಳ್ಳುತ್ತೇವೆ ಅಂತ ನಾವು ಬರೆದು ಕೊಟ್ಟದ್ದೇ ಇಲ್ಲ. ಅದನ್ನು ಬದಲಾಯಿಸೋಣ. 2026ರ ಏಪ್ರಿಲ್ 1ರಿಂದ 2028ರ ಮಾರ್ಚ್ 31ರವರೆಗೆ, 24 ತಿಂಗಳ ಕರಾರು. ದರ ಈಗಿನದ್ದೇ, 29.50 ಮತ್ತು 16.20, ತೆರಿಗೆ ಬೇರೆ, ನಮ್ಮ ಗೋಡೌನಿಗೆ ತಲುಪಿಸಿ. ಪ್ರತಿ ಮೂರು ತಿಂಗಳಿಗೆ ಕಮ್ಮಿ ಅಂದರೂ 24,000 ದೊಡ್ಡದು, 15,000 ಸಣ್ಣದು ನಾವು ತೆಗೆದುಕೊಂಡೇ ತೀರುತ್ತೇವೆ. ಅಷ್ಟು ಆಗದಿದ್ದರೆ ನಮ್ಮ ಹೆಸರು ಪ್ರಿಂಟ್ ಆಗಿ ನಿಮ್ಮಲ್ಲಿ ಉಳಿದ ಒಂದು ತಿಂಗಳ ಸ್ಟಾಕಿನ ದುಡ್ಡು ನಾವು ಕೊಡುತ್ತೇವೆ, ಯಾಕೆಂದರೆ ಅದನ್ನು ನೀವು ಬೇರೆ ಯಾರಿಗೂ ಮಾರುವಂತಿಲ್ಲ. ಜೂನಿನಿಂದ ಅರ್ಧ ಲೀಟರ್ ಬಾಟಲಿ ಶುರು ಮಾಡುತ್ತಿದ್ದೇವೆ, ಅದರ ಪೆಟ್ಟಿಗೆ ತಿಂಗಳಿಗೆ ಸುಮಾರು 3,000 ಬೇಕು. ಈ ಕರಾರು ಆದರೆ ಅದಕ್ಕೆ ಬೇರೆ ಯಾರ ಹತ್ತಿರವೂ ರೇಟು ಕೇಳುವುದಿಲ್ಲ, ಇದೇ ಕಿಲೋ ಲೆಕ್ಕದಲ್ಲಿ ನಿಮಗೇ. ಅದೇ ಮಷಿನ್, ಅದೇ ಜನ, ಕೆಲಸ ಜಾಸ್ತಿ, ಹಾಗಾಗಿ ಕೂಲಿಯ ಭಾರ ಒಂದೊಂದು ಪೆಟ್ಟಿಗೆಗೆ ಹಂಚಿ ಹೋಗುತ್ತದೆ. ಎರಡು ವರ್ಷದ ಕಾಗದ ಕೈಯಲ್ಲಿದ್ದರೆ ಮಿಲ್ಲಿನವರ ಹತ್ತಿರವೂ ನೀವು ಗಟ್ಟಿಯಾಗಿ ಕೂತು ಮಾತಾಡಬಹುದು, ಬ್ಯಾಂಕಿನಲ್ಲೂ ತೋರಿಸಬಹುದು.

ಸರಿ, ಆ ಒಂದು ರೂಪಾಯಿ 85 ಪೈಸೆ ಎಲ್ಲಿಂದ ಬರುತ್ತದೆ ಅಂತ ನೀವು ಕೇಳುತ್ತೀರಿ. ಗೇಟಿನ ರಿಜಿಸ್ಟರ್ ತೆಗೆದು ನೋಡಿದೆ. ಜನವರಿಯಲ್ಲಿ ನಿಮ್ಮ ಟೆಂಪೋ ಬೈಕಂಪಾಡಿಯಿಂದ ಸೀತಾಂಗೋಳಿಗೆ ಹತ್ತು ಸಲ ಬಂದಿದೆ, ಹೆಚ್ಚಿನದ್ದೂ ಅರ್ಧ ತುಂಬಿದ್ದು. ಅದು ನಿಮ್ಮ ತಪ್ಪಲ್ಲ. ಸಂಜೆ ನಾಲ್ಕಕ್ಕೆ ಪ್ಯಾಕಿಂಗಿನವರು ಪೆಟ್ಟಿಗೆ ಮುಗಿಯಿತು ಅಂತಾರೆ, ನಾನು ನಿಮಗೆ ಫೋನ್ ಮಾಡುತ್ತೇನೆ, ನೀವು ಇಲ್ಲ ಅನ್ನದೆ ಬೆಳಗ್ಗೆ ಕಳಿಸುತ್ತೀರಿ. ಇನ್ನು ಹಾಗೆ ಬೇಡ. ವಾರಕ್ಕೆ ಒಂದೇ ಲೋಡ್, ಮಂಗಳವಾರ ಬೆಳಗ್ಗೆ, ಒಂದೇ ಬಿಲ್, ಒಂದೇ ಇ-ವೇ ಬಿಲ್. ಲಿಸ್ಟ್ ಹಿಂದಿನ ಗುರುವಾರವೇ ನಿಮಗೆ ಬರುತ್ತದೆ. ಟ್ರಿಪ್ಪಿಗೆ 3,500 ಬಾಡಿಗೆ ಅಂತ ಹಿಡಿದರೆ, ಐದು ಟ್ರಿಪ್ ಉಳಿದರೂ ತಿಂಗಳಿಗೆ 17,500 ಆಯಿತು, 15,000 ಪೆಟ್ಟಿಗೆಗೆ ಹಂಚಿದರೆ ಒಂದಕ್ಕೆ ಒಂದು ರೂಪಾಯಿಗಿಂತ ಜಾಸ್ತಿಯೇ.

ಎರಡನೆಯದು ಪೇಮೆಂಟ್. ಈಗ 45 ದಿನ, ಕಳೆದ ವರ್ಷ ಎರಡು ಸಲ ಅದಕ್ಕಿಂತಲೂ ತಡವಾಯಿತು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡಬೇಕು ಅಂತ ಕಾನೂನೇ ಇರುವಾಗ ಅದು ನಮ್ಮ ಕಡೆಯ ತಪ್ಪು, ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಮಾಲು ಇಳಿದ 15ನೇ ದಿನಕ್ಕೆ ದುಡ್ಡು ನಿಮ್ಮ ಖಾತೆಗೆ. ಅಕೌಂಟ್ಸಿನವರ ಹತ್ತಿರ ಮಾತಾಡಿ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 30 ದಿನದ ಬಡ್ಡಿ ಉಳಿದರೆ ಪೆಟ್ಟಿಗೆಗೆ ಸುಮಾರು 30 ಪೈಸೆ, ಸಿಕ್ಕಿಕೊಂಡ ಜಿಎಸ್‌ಟಿಯ ಬಿಸಿಯೂ ಸ್ವಲ್ಪ ಕಮ್ಮಿಯಾಗುತ್ತದೆ.

ಮೂರನೆಯದು ಪ್ರಿಂಟ್. ಹೊರಗೆ ಹಸಿರು, ಕೆಂಪು ಎರಡು ಬಣ್ಣ ಯಾಕೆ ಬೇಕು? ಪೆಟ್ಟಿಗೆ ನೋಡುವವನು ಅಂಗಡಿಯವನು, ಅವನು ಅದನ್ನು ಒಡೆದು ಬಾಟಲಿ ಹೊರಗಿಟ್ಟು ರಟ್ಟನ್ನು ಗುಜರಿಗೆ ಹಾಕುತ್ತಾನೆ. ಒಂದೇ ಹಸಿರು ಸಾಕು. ಒಂದು ಬಣ್ಣ ಬಿಟ್ಟರೆ 40 ಪೈಸೆ ಉಳಿಯುತ್ತದೆ ಅಂತ ನೀವೇ ಒಮ್ಮೆ ಹೇಳಿದ್ದಿರಿ. ಮೂರನ್ನೂ ಕೂಡಿಸಿ ನೋಡಿ, ಪೇಪರ್ ಏರಿದ್ದು ಹೆಚ್ಚುಕಮ್ಮಿ ಪೂರ್ತಿ ಅಲ್ಲೇ ಸಿಗುತ್ತದೆ.

ಆದರೆ ಪೇಪರಿನಲ್ಲಿ ಮಾತ್ರ ಉಳಿತಾಯ ಬೇಡ. ಗ್ರಾಂ ಇಳಿಸುವುದು, ಒಳಗಿನ ಅಲೆ ಪದರಕ್ಕೆ ತೆಳು ಪೇಪರ್ ಹಾಕುವುದು, ಅದೆಲ್ಲ ಆಗುವುದಿಲ್ಲ. ಕಳೆದ ಆಗಸ್ಟಿನಲ್ಲಿ ಬೇರೆ ಊರಿನ ಒಬ್ಬರು ನಿಮಗಿಂತ ಒಂದು ರೂಪಾಯಿ ಕಮ್ಮಿಗೆ ಸ್ಯಾಂಪಲ್ ಕೊಟ್ಟಿದ್ದರು. ತುಂಬಿದ ಪೆಟ್ಟಿಗೆ ಐದರ ಮೇಲೆ ಐದು ಇಟ್ಟು ಬಾಗಿಲ ಹತ್ತಿರ ಎರಡು ದಿನ ಬಿಟ್ಟೆವು. ಮೂರನೇ ದಿನ ಬೆಳಗ್ಗೆ ಅಡಿಯ ಪೆಟ್ಟಿಗೆಯ ಮೂಲೆ ನೆನೆದ ಹಪ್ಪಳದ ಹಾಗೆ ಮೆತ್ತಗಾಗಿತ್ತು, ಪಿನ್ನಿನ ಸುತ್ತ ತುಕ್ಕಿನ ಕಂದು ಕಲೆ, ಎತ್ತಿದ ಕೂಡಲೇ ತಳ ಬಿಟ್ಟು ಬಾಟಲಿಗಳು ಕಾಲ ಮೇಲೆ ಬಿದ್ದವು. ಅದೇ ಸಾಲಿನಲ್ಲಿ ನಿಮ್ಮ ಪೆಟ್ಟಿಗೆ ನೆಟ್ಟಗೆ ನಿಂತಿತ್ತು. ನಮ್ಮೂರ ಮಳೆಗಾಲದ ಥಂಡಿಗೆ ತಡೆಯುವ ಪೆಟ್ಟಿಗೆ ಯಾವುದು ಅಂತ ನಾನು ಆ ದಿನ ನೋಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಮಹಡಿಯ ಕೋಣೆ ಖಾಲಿ ಮಾಡಿಸಿ ಮರದ ಪ್ಯಾಲೆಟ್ ಹಾಕಿಸುತ್ತೇವೆ, ವಾರದ ಲೋಡ್ ಅಲ್ಲಿ ಒಣಗಿ ಕೂರುತ್ತದೆ.

ಎರಡು ವರ್ಷ ದೊಡ್ಡ ಅವಧಿ, ಪೇಪರ್ ಎಲ್ಲಿಗೆ ಹೋಗುತ್ತದೋ ಅಂತ ನಿಮಗೆ ಹೆದರಿಕೆ ಇರುವುದು ಸಹಜ. ಹಾಗಾಗಿ ಒಂದು ಬಾಗಿಲು ಇಡೋಣ. ಬುಡ 36 ರೂಪಾಯಿ, ನಿಮ್ಮ ಫೆಬ್ರವರಿಯ ಮಿಲ್ ಬಿಲ್ ಪ್ರಕಾರ. ಮೂರು ತಿಂಗಳಿಗೊಮ್ಮೆ ಆ ಅವಧಿಯ ನಿಮ್ಮ ಬಿಲ್‌ಗಳ ಸರಾಸರಿ ನೋಡುವುದು. 33ರಿಂದ 39ರ ಒಳಗೆ ಇದ್ದರೆ ಯಾರೂ ಮಾತಾಡುವುದಿಲ್ಲ. 39 ದಾಟಿದರೆ, ದಾಟಿದ ಪ್ರತಿ ರೂಪಾಯಿಗೆ ದೊಡ್ಡ ಪೆಟ್ಟಿಗೆಗೆ 60 ಪೈಸೆ, ಸಣ್ಣದಕ್ಕೆ 35 ಪೈಸೆ ನಾವು ಜಾಸ್ತಿ ಕೊಡುತ್ತೇವೆ. 33ಕ್ಕಿಂತ ಕೆಳಗೆ ಹೋದರೆ ಅದೇ ಲೆಕ್ಕದಲ್ಲಿ ನೀವು ಇಳಿಸಬೇಕು. ಸರಕಾರ ತೆರಿಗೆ ಬದಲಾಯಿಸಿದರೆ ಆ ದಿನದ ತೆರಿಗೆ. ಯಾರಿಗಾದರೂ ಬಿಡಬೇಕು ಅನಿಸಿದರೆ 90 ದಿನ ಮೊದಲು ಬರೆದು ತಿಳಿಸಬೇಕು, ಆದರೆ ಓಣಂ ಮಾಲು ಹೋಗುವ ಜುಲೈ, ಆಗಸ್ಟಿನಲ್ಲಿ ಸಪ್ಲೈ ನಿಲ್ಲಿಸುವಂತಿಲ್ಲ.

2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಿಮ್ಮ ಟೆಂಪೋ ಆ ಬದಿ, ನಮ್ಮ ಪಿಕಪ್ ಈ ಬದಿ ನಿಂತು, ಕಟ್ಟು ಕಟ್ಟಾಗಿ ರಟ್ಟು ಹೊತ್ತು ದಾಟಿಸಿದ್ದು ನನಗೆ ಮರೆತಿಲ್ಲ. ಆವತ್ತು ನೀವು ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಈಗ ನೀವು ಕೇಳಿದಾಗ ಇಲ್ಲ ಅನ್ನುವುದು ನನಗೂ ಕಷ್ಟವೇ. ಅದಕ್ಕೇ ದರ ಬಿಟ್ಟು ಬೇರೆ ಏನೇನು ಕೊಡಲು ಸಾಧ್ಯವೋ ಅದನ್ನೆಲ್ಲ ಇಲ್ಲಿ ಇಟ್ಟಿದ್ದೇನೆ, ಚೌಕಾಸಿಗೆ ಅಂತ ಹಿಂದೆ ಏನೂ ಉಳಿಸಿಕೊಂಡಿಲ್ಲ.

ಈಗಿನ ದರಪಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. 10ನೇ ತಾರೀಕು ಮಂಗಳವಾರದ ಒಳಗೆ ಹೂಂ ಅಥವಾ ಉಹೂಂ ಒಂದು ಮಾತು ತಿಳಿಸಿ. ಹೂಂ ಆದರೆ 14ರ ಶನಿವಾರ ಬೆಳಗ್ಗೆ ನಾನೇ ಬೈಕಂಪಾಡಿಗೆ ಬರುತ್ತೇನೆ, ಕರಾರಿನ ಡ್ರಾಫ್ಟ್ ಕನ್ನಡದಲ್ಲೇ ಮಾಡಿಸಿ ತರುತ್ತೇನೆ, ಕೂತು ಓದಿ ಸಹಿ ಹಾಕೋಣ. ಒಂದು ಬಣ್ಣದ ಪ್ರಿಂಟ್ ಹಾಕಿದ ಸ್ಯಾಂಪಲ್ ಎರಡು ಆವತ್ತಿಗೆ ತಯಾರಿದ್ದರೆ ಒಳ್ಳೆಯದು. ಈ ವಾರದ ಲೋಡಿನಲ್ಲಿ ಸಣ್ಣ ಪೆಟ್ಟಿಗೆ 500 ಜಾಸ್ತಿ ಹಾಕಿ, ಪೌಚ್ ಆರ್ಡರ್ ಬಂದಿದೆ.

ಶ್ರೀಪತಿ
ಖರೀದಿ ಮ್ಯಾನೇಜರ್
ಎಣ್ಣೆ ಮಿಲ್ಲು, ಸೀತಾಂಗೋಳಿ, ಕಾಸರಗೋಡು
ಮಾರ್ಚ್ 3, 2026