ಶನಿವಾರದ ಇಂಗ್ಲಿಷ್ ತರಗತಿ: ಉಚ್ಚಾರ ಮತ್ತು ಒತ್ತಿನ ಅಭ್ಯಾಸ ಹಾಳೆ

ಕಲಬುರಗಿ. ನರ್ಸಿಂಗ್ ಮತ್ತು ಡಿಗ್ರಿ ಕೊನೆಯ ವರ್ಷದವರಿಗೆ. ಮನೆಯಲ್ಲಿ ಜೋರಾಗಿ ಓದಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಈ ಹಾಳೆಯಿಂದ ಏನೂ ಸಿಗುವುದಿಲ್ಲ.

ಓದುವ ಮುಂಚೆ ಎರಡು ಮಾತು. ದಪ್ಪ ಅಕ್ಷರದಲ್ಲಿರುವ ಭಾಗವನ್ನು ಒತ್ತಿ ಹೇಳಿ: ಸ್ವಲ್ಪ ಎತ್ತರದ ದನಿ, ಸ್ವಲ್ಪ ಉದ್ದ, ಸ್ವಲ್ಪ ಜೋರು. ಉಳಿದ ಭಾಗ ಬಾಯಿಂದ ಜಾರಿ ಹೋಗಲಿ. ಇದು ಒತ್ತಕ್ಷರದ ಒತ್ತಲ್ಲ, ನೆನಪಿರಲಿ. ಇನ್ನು ಚುಕ್ಕಿ ಇಟ್ಟ ಜ಼, ಫ಼ ಬಂದಲ್ಲಿ ನಮ್ಮ ಜ, ಫ ಅಲ್ಲ. ಅದನ್ನು ನಾಲ್ಕನೇ ಅಭ್ಯಾಸದಲ್ಲಿ ಹೇಳಿದ್ದೇನೆ.

ಅಭ್ಯಾಸ 1. ಹದಿಮೂರೋ ಮೂವತ್ತೋ

ಓದು ಮುಗಿದ ಹೊಸದರಲ್ಲಿ ನಾನು ಗಂಜ್‌ನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಚೆನ್ನೈನಿಂದ ಫೋನು. ಎಷ್ಟು ಚೀಲ ತಯಾರಿವೆ ಅಂದರು. ನಾನು ‘ಥರ್ಟೀನ್’ ಅಂದೆ, ಆದರೆ ಜೋರು ಬಿದ್ದದ್ದು ‘ಥರ್’ ಮೇಲೆ. ಅವರ ಕಿವಿಗೆ ಮೂವತ್ತು ಕೇಳಿಸಿತು. ಮರುದಿನ ಬಂದ ಲಾರಿಯ ಡ್ರೈವರ್ ನನ್ನ ಮುಖ ನೋಡಿದ, ನಾನು ಮಾಲೀಕರ ಮುಖ ನೋಡಿದೆ. ಆದ್ದರಿಂದ ಇದೇ ಮೊದಲ ಅಭ್ಯಾಸ.

ಥರ್-**ಟೀನ್**, **ಥರ್**-ಟಿ
ಫ಼ೋರ್-**ಟೀನ್**, **ಫ಼ೋರ್**-ಟಿ
ಫ಼ಿಫ಼್-**ಟೀನ್**, **ಫ಼ಿಫ಼್**-ಟಿ
ಸಿಕ್ಸ್-**ಟೀನ್**, **ಸಿಕ್ಸ್**-ಟಿ
ನೈನ್-**ಟೀನ್**, **ನೈನ್**-ಟಿ

‘ಟೀನ್’ ದೀರ್ಘ, ಕೊನೆಯ ‘ನ್’ ಕೇಳಿಸಲೇಬೇಕು. ‘ಟಿ’ ಹ್ರಸ್ವ, ಮುಟ್ಟಿ ಬಿಟ್ಟಂತೆ. ಒಬ್ಬರು ಹೇಳಿ, ಇನ್ನೊಬ್ಬರು ಬೆನ್ನು ತಿರುಗಿಸಿ ಕುಳಿತು ಅಂಕಿ ಬರೆಯಿರಿ. ಹತ್ತಕ್ಕೆ ಹತ್ತು ಸರಿಯಾಗುವವರೆಗೆ ಬಿಡಬೇಡಿ.

ಒಂದು ತಕರಾರು ಇದೆ. ಇಸವಿ ಹೇಳುವಾಗ ಮುಂದೆ ಇನ್ನೊಂದು ಒತ್ತು ಬರುವುದರಿಂದ ‘ಟೀನ್’ ಮೇಲಿನದು ಹಿಂದಕ್ಕೆ ಸರಿಯುತ್ತದೆ. 1980ಕ್ಕೆ **ನೈನ್**-ಟೀನ್ **ಎಯ್**-ಟಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಶುರುವಾದ ವರ್ಷ ಅದು. ಎರಡು ಒತ್ತು ಪಕ್ಕಪಕ್ಕ ಕೂತರೆ ಇಂಗ್ಲಿಷಿನ ನಡಿಗೆ ಮುಗ್ಗರಿಸುತ್ತದೆ, ಅದಕ್ಕೇ ಒಂದು ಜಾಗ ಬಿಡುತ್ತದೆ.

ಅಭ್ಯಾಸ 2. ಗುರು ಹಾಕಿದಲ್ಲಿ ಒತ್ತಿಲ್ಲ

ಹೈಸ್ಕೂಲಿನಲ್ಲಿ ಎಲ್ಲರೂ ಲಘು ಗುರು ಗುರುತು ಹಾಕಿ ಪ್ರಸ್ತಾರ ಮಾಡಿದ್ದೀರಿ. ಅಲ್ಲಿ ಅಕ್ಷರ ನೋಡಿದರೆ ಸಾಕು: ದೀರ್ಘವಿದ್ದರೆ ಗುರು, ಮುಂದೆ ಒತ್ತಕ್ಷರವಿದ್ದರೆ ಗುರು. ಇಂಗ್ಲಿಷಿನಲ್ಲಿ ಹಾಗೆ ನೋಡಿ ಹೇಳಲು ಬರುವುದಿಲ್ಲ. ನಾವು ಕನ್ನಡದವರು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ, ಯಾರಿಗೂ ಮೋಸ ಮಾಡುವುದಿಲ್ಲ; ಅದರ ಜೊತೆಗೆ ಮೊದಲ ಅಕ್ಷರವನ್ನು ತುಸು ಗಟ್ಟಿಯಾಗಿ ಹಿಡಿಯುತ್ತೇವೆ. ಇಂಗ್ಲಿಷು ಪಕ್ಕಾ ಪಕ್ಷಪಾತಿ. ಒಂದಕ್ಕೆ ಎಲ್ಲ ಕೊಟ್ಟು ಉಳಿದವನ್ನು ಹಸಿವಿನಲ್ಲಿ ಇಡುತ್ತದೆ. ಹಸಿದ ಸ್ವರ ನಮ್ಮ ಹ್ರಸ್ವ ‘ಅ’ದ ಕಡೆಗೆ ಕುಗ್ಗುತ್ತದೆ.

ಮೊದಲು ಟೇಬಲ್ ಮೇಲೆ ಬೆರಳಿನಿಂದ ಬಡಿಯಿರಿ, ದಪ್ಪ ಅಕ್ಷರಕ್ಕೆ ಮಾತ್ರ ಒಂದು ಪೆಟ್ಟು:

ಹೊ-**ಟೆಲ್** (ನಮ್ಮ ಹೋಟ್ಲು ಅಲ್ಲ)
ಕ-**ಮಿ**-ಟಿ
ಡಿ-**ವೆ**-ಲಪ್, ಡಿ-**ವೆ**-ಲಪ್-ಮಂಟ್
ಸಕ್-**ಸೆಸ್**
ಇ-**ವೆಂಟ್**
ಎಂ-ಜಿ-**ನಿಯರ್**
**ಕ್ಯಾ**-ಲನ್-ಡರ್
**ಕಂಫ಼್**-ಟ-ಬಲ್ (ಮೂರೇ ತುಂಡು, ‘ಕಂ-ಫೋರ್-ಟೇ-ಬಲ್’ ಅಂತ ಎಳೆಯಬೇಡಿ)
**ವೆಜ್**-ಟ-ಬಲ್

ಈಗ ಒಂದೇ ಮನೆತನದ ಮೂರು ಮಾತು. ಪೆಟ್ಟು ಹೇಗೆ ಜಾಗ ಬದಲಿಸುತ್ತದೆ ನೋಡಿ:

**ಫ಼ೋ**-ಟ-ಗ್ರಾಫ಼್
ಫ಼-**ಟಾ**-ಗ್ರ-ಫ಼ರ್
ಫ಼ೋ-ಟ-**ಗ್ರ್ಯಾ**-ಫ಼ಿಕ್

ನರ್ಸಿಂಗ್‌ನವರಿಗೆ ದಿನವೂ ಬೇಕಾಗುವವು. ಕೊನೆಯಲ್ಲಿ ‘ಷನ್’ ಬಂದರೆ ಅದರ ಹಿಂದಿನ ತುಂಡಿಗೆ ಪೆಟ್ಟು. ‘ಇಟಿ’ ಬಂದರೂ ಅದರ ಹಿಂದಕ್ಕೆ. ‘ಇಕ್’ ಬಂದರೆ ಬಹುತೇಕ ಹಾಗೆಯೇ.

ಇನ್-**ಜೆಕ್**-ಷನ್, ಇನ್-**ಫ಼ೆಕ್**-ಷನ್, ಆ-ಪ-**ರೇ**-ಷನ್, ವ್ಯಾಕ್-ಸಿ-**ನೇ**-ಷನ್
ಆಂಟಿ-ಬೈ-**ಆ**-ಟಿಕ್
ಇ-ಲೆಕ್-**ಟ್ರಿ**-ಸಿ-ಟಿ, ಯೂ-ನಿ-**ವರ್**-ಸಿ-ಟಿ
ಇ-**ಮರ್**-ಜನ್-ಸಿ, ಥರ್-**ಮಾ**-ಮಿ-ಟರ್

‘**ಪಾ**-ಲ-ಟಿಕ್ಸ್’ ಈ ಕಾನೂನಿಗೆ ಬಗ್ಗುವುದಿಲ್ಲ. ರಾಜಕೀಯ ಅಲ್ಲವೇ.

ಇನ್ನು ಕೆಲವಕ್ಕೆ ನಾಮಪದವಾದಾಗ ಮುಂದೆ, ಕ್ರಿಯಾಪದವಾದಾಗ ಹಿಂದೆ ಪೆಟ್ಟು. **ರೆ**-ಕಾರ್ಡ್ ಎಂದರೆ ದಾಖಲೆ, ರಿ-**ಕಾರ್ಡ್** ಎಂದರೆ ದಾಖಲಿಸು. **ಪ್ರೆ**-ಜ಼ಂಟ್ ಉಡುಗೊರೆ, ಪ್ರಿ-**ಜ಼ೆಂಟ್** ಮಂಡಿಸು. **ಇಂ**-ಪೋರ್ಟ್ ಆಮದು, ಇಂ-**ಪೋರ್ಟ್** ಆಮದು ಮಾಡಿಕೊ. ಇವನ್ನು ಜೋಡಿಯಾಗಿಯೇ ಹೇಳಿ, ಬಿಡಿಬಿಡಿಯಾಗಿ ಬೇಡ.

ಊರಿನ ಒಂದು ಉದಾಹರಣೆ: ನಮ್ಮ ಸೂಪರ್ ಮಾರ್ಕೆಟ್. ಆಟೋದವರಿಗೆ ಎರಡು ಮಾತನ್ನೂ ಸಮ ತೂಕದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಎರಡು ಹೆಸರು ಕೂಡಿ ಒಂದಾದರೆ ಸಾಮಾನ್ಯವಾಗಿ ಮೊದಲನೆಯದಕ್ಕೇ ಪೆಟ್ಟು: ಸೂಪರ್‌ಮಾರ್ಕಿಟ್, ಬಸ್ ಸ್ಟ್ಯಾಂಡ್, ಬ್ಲಡ್ ಟೆಸ್ಟ್. ಆಟೋದಲ್ಲಿ ಮಾತ್ರ ಹಳೆಯ ಹಾಗೇ ಹೇಳಿ, ಇಲ್ಲವಾದರೆ ಮನೆ ಮುಟ್ಟುವುದಿಲ್ಲ.

ಅಭ್ಯಾಸ 3. ಎಸ್ ಎಂದರೆ ಹೌದು ಅಲ್ಲ

‘ಎ’ ಮತ್ತು ‘ಒ’ ಮಾತಿನ ಮೊದಲಿಗೆ ಬಂದರೆ ನಮ್ಮ ನಾಲಿಗೆ ಸುಮ್ಮನೆ ‘ಯ’ಕಾರ, ‘ವ’ಕಾರ ಸೇರಿಸುತ್ತದೆ. ‘ಎಲ್ಲಿ’ ‘ಯೆಲ್ಲಿ’ ಆಗುತ್ತದೆ, ‘ಒಂದು’ ‘ವಂದು’ ಆಗುತ್ತದೆ. ಕನ್ನಡದಲ್ಲಿ ಅದಕ್ಕೆ ಯಾರ ಅಭ್ಯಂತರವೂ ಇಲ್ಲ. ಆದರೆ ಫೋನಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ‘ಯೆಸ್’ ಅಂದರೆ ಆ ಕಡೆಯವರು ನೀವು ಹೌದು ಅಂದಿರಿ ಅಂದುಕೊಂಡು ಮುಂದಿನ ಅಕ್ಷರಕ್ಕೆ ಕಾಯುತ್ತಾರೆ.

ಬಾಯಿ ತೆರೆದಿಟ್ಟುಕೊಂಡೇ ಶುರು ಮಾಡಿ: ಎಫ಼್, ಎಲ್, ಎಂ, ಎನ್, ಎಸ್, ಎಕ್ಸ್. ಎಗ್, ಎಂಡ್, ಎಂಪ್ಟಿ. ತುಟಿ ಗುಂಡಗಿರಲಿ, ಆದರೆ ಕೆಳತುಟಿ ಹಲ್ಲಿಗೆ ತಾಗಬಾರದು: ಓಪನ್, ಓಲ್ಡ್, ಓನ್ಲಿ.

ಮೂರು ಸಲ ವೇಗವಾಗಿ: ಎಸ್ ಎಂ ಎಸ್, ಎಸ್ ಎಸ್ ಎಲ್ ಸಿ, ಎನ್ ಎಸ್ ಎಸ್.

ಮಾತಿನ ಕೊನೆಯ ಬಾಲವನ್ನೂ ಇಲ್ಲೇ ಕತ್ತರಿಸಿ. ಬಸ್ಸು, ಬ್ಯಾಂಕು, ಕಾರ್ಡು ಕನ್ನಡಕ್ಕೆ ಚಂದ. ಇಂಗ್ಲಿಷಿನಲ್ಲಿ ಬಸ್, ಬ್ಯಾಂಕ್, ಕಾರ್ಡ್. ವ್ಯಂಜನ ಮುಗಿದಲ್ಲಿ ಬಾಯಿ ನಿಲ್ಲಬೇಕು. ಮೊದಲಿಗೆ ‘ಇ’ ಸೇರಿಸಿ ‘ಇಸ್ಟೇಷನ್’ ಅನ್ನುವವರು ‘ಸ್’ ಅನ್ನು ಹಾವಿನಂತೆ ಎಳೆದು ಹಿಡಿಯಿರಿ: ಸ್ಸ್ಸ್-ಟೇಷನ್.

ಅಪ್ಪ, ಅಕ್ಕ, ಅಣ್ಣನ ಅಭ್ಯಾಸವೂ ಕಾಡುತ್ತದೆ. ಎರಡು ಅಕ್ಷರ ಬರೆದಿದ್ದಾರೆ ಅಂತ ಎರಡೂ ಹೇಳಬೇಕಿಲ್ಲ: ಹ್ಯಾಪಿ, ಡಿನರ್, ಸಮರ್. ಹ್ಯಾಪ್ಪಿ, ಡಿನ್ನರ್, ಸಮ್ಮರ್ ಬೇಡ.

ಅಭ್ಯಾಸ 4. ದರ್ಗಾದ ಹಾದಿಯಲ್ಲಿ ಸಿಗುವ ಧ್ವನಿ

ಜ಼ ಮತ್ತು ಫ಼ ಕನ್ನಡದ ಸ್ವಂತ ಧ್ವನಿಗಳಲ್ಲ, ಆದರೆ ಕಲಬುರಗಿಯವರಿಗೆ ಇದು ನೆಪವಾಗಬಾರದು. ಉರ್ದು ಮಾತಾಡುವ ನೆರೆಯವರು ‘ಬಂದೇ ನವಾಜ಼್’ ಅನ್ನುವುದನ್ನು, ‘ಬಾಜ಼ಾರ್’, ‘ಸರಾಫ಼್’ ಅನ್ನುವುದನ್ನು ಕಿವಿಗೊಟ್ಟು ಕೇಳಿ. ‘ನವಾಜ಼್’ ಕೊನೆಯಲ್ಲಿ ಜೇನು ಗುಂಯ್ ಅಂದಂತೆ ಇರುತ್ತದಲ್ಲ, ಅದೇ ಬೇಕಾದದ್ದು. ಗಂಟಲ ಮೇಲೆ ಎರಡು ಬೆರಳಿಟ್ಟು ಉದ್ದಕ್ಕೆ ‘ಸ್ಸ್ಸ್’ ಅನ್ನಿ: ಬೆರಳಿಗೆ ಏನೂ ತಿಳಿಯುವುದಿಲ್ಲ. ನಾಲಿಗೆ ಅಲ್ಲಾಡಿಸದೆ ದನಿ ಕೂಡಿಸಿ, ಬೆರಳು ನಡುಗುತ್ತದೆ. ಅದೇ ಜ಼.

ಜ಼ೂ, ಜ಼ೀರೋ, ಬಿಜ಼ಿ, ಇಜ಼್, ವಾಜ಼್, ಡೇಜ಼್.
ಜಡ್ಜ್, ಜಾಬ್, ಪೇಜ್. ಇವುಗಳಲ್ಲಿ ನಮ್ಮ ಮಾಮೂಲಿ ಜ. ಹೊಸ ಹುರುಪಿನಲ್ಲಿ ಇವನ್ನೂ ಜ಼ ಮಾಡುವವರಿದ್ದಾರೆ.

ಫ಼ಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಸೋರಬೇಕು: ಫ಼ೋನ್, ಫ಼ೀಜ಼್, ಆಫ಼ಿಸ್. ‘ಪೋನು’, ‘ಆಪೀಸು’ ಅಲ್ಲ. ಅದೇ ಜಾಗದಲ್ಲಿ ದನಿ ಕೂಡಿಸಿದರೆ ಬನಿಯನ್‌ಗೆ ಅನ್ನುವ ‘ವೆಸ್ಟ್’, ‘ವ್ಯಾನ್’, ಬಳ್ಳಿಗೆ ಅನ್ನುವ ‘ವೈನ್’ನ ವ. ಇನ್ನೊಂದು ವಕ್ಕೆ, ಅಂದರೆ ಪಶ್ಚಿಮ ದಿಕ್ಕಿನ ‘ವೆಸ್ಟ್’ಗೆ, ‘ಉ’ ಅನ್ನುವ ತುಟಿಯಿಂದ ಹೊರಡಿ: ಉ-ಎಸ್ಟ್. ಹಾಗೆಯೇ ಉ-ಆಟರ್, ಉ-ಇಂಡೋ.

ಪ, ಟ, ಕ ಮಾತಿನ ಮೊದಲಿಗೆ ಬಂದು ಒತ್ತು ಪಡೆದರೆ ಸ್ವಲ್ಪ ಉಸಿರು ಬೇಕು. ಒಂದು ತೆಳು ಕಾಗದದ ಪಟ್ಟಿ ಬಾಯಿ ಮುಂದೆ ಹಿಡಿದು ‘ಪೆನ್’ ಅನ್ನಿ, ಕಾಗದ ಹಾರಬೇಕು. ‘ಸ್ಪಿನ್’ ಅನ್ನಿ, ಹಾರಬಾರದು.

‘ಥ್ಯಾಂಕ್ಯೂ’ದ ಥ ಬಗ್ಗೆ ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. ನಾಲಿಗೆ ತುದಿ ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಿ, ಸರಿಯಾಗುತ್ತದೆ. ಆಗದಿದ್ದರೆ ನಮ್ಮ ಥದಲ್ಲೇ ಹೇಳಿ, ಎಲ್ಲರಿಗೂ ತಿಳಿಯುತ್ತದೆ. ಇದಕ್ಕೆ ಒಂದು ವಾರ ಕಳೆಯುವ ಬದಲು ಎರಡನೇ ಅಭ್ಯಾಸವನ್ನು ಇನ್ನೊಂದು ಸಲ ಮಾಡಿ.

ಅಭ್ಯಾಸ 5. ನಮ್ಮ ‘ಏ’, ಅವರ ಪೆಟ್ಟು

ನನಗೆ ಎಲ್ಲಕ್ಕಿಂತ ಇಷ್ಟದ ಅಭ್ಯಾಸ ಇದು. ಒತ್ತಿ ಹೇಳಬೇಕಾದರೆ ನಾವು ಆ ಮಾತಿಗೆ ಒಂದು ‘ಏ’ ಅಂಟಿಸುತ್ತೇವೆ: ತಮ್ಮನೇ, ಬೀದರಿಗೇ, ನಾಳೇನೇ. ಇಂಗ್ಲಿಷಿನಲ್ಲಿ ಅಂಟಿಸಲು ಏನೂ ಇಲ್ಲ, ದನಿಯೇ ಆ ಕೆಲಸ ಮಾಡಬೇಕು. ಸಾಲು ಒಂದೇ, ಪ್ರಶ್ನೆ ಬದಲಾದ ಹಾಗೆ ಪೆಟ್ಟು ಬದಲಾಗುತ್ತದೆ.

ಸಾಲು: ಮೈ ಬ್ರದರ್ ಇಜ಼್ ಗೋಯಿಂಗ್ ಟು ಬೀದರ್ ಟುಮಾರೋ.

ನೀವು ಹೊಂಟೀರೇನ್ರೀ? (ಇಲ್ಲ, ನನ್ನ ತಮ್ಮನೇ.) ಮೈ **ಬ್ರದರ್** ಇಜ಼್ ಗೋಯಿಂಗ್ ಟು ಬೀದರ್ ಟುಮಾರೋ.
ಅಂವ ಯಾದಗಿರಿಗೆ ಹೊಂಟಾನೇನು? (ಬೀದರಿಗೇ.) ಮೈ ಬ್ರದರ್ ಇಜ಼್ ಗೋಯಿಂಗ್ ಟು **ಬೀದರ್** ಟುಮಾರೋ.
ಇವತ್ತೇನು? (ನಾಳೇನೇ.) ಮೈ ಬ್ರದರ್ ಇಜ಼್ ಗೋಯಿಂಗ್ ಟು ಬೀದರ್ **ಟುಮಾರೋ**.
ಬೀದರಿನಿಂದ ಬರಾಕತ್ತಾನೇನು? (ಹೋಗೋದೇ ಇನ್ನೂ.) ಮೈ ಬ್ರದರ್ ಇಜ಼್ **ಗೋಯಿಂಗ್** ಟು ಬೀದರ್ ಟುಮಾರೋ.

ಪ್ರಶ್ನೆಯನ್ನು ನಮ್ಮ ಮಾತಿನಲ್ಲೇ ಕೇಳಿ, ಉತ್ತರ ಇಂಗ್ಲಿಷಿನಲ್ಲಿ ಕೊಡಿ. ‘ಇಜ಼್’, ‘ಟು’ ಇವಕ್ಕೆ ಯಾವ ಸಾಲಿನಲ್ಲೂ ಪೆಟ್ಟಿಲ್ಲ. ‘ಟು’ ಬರೀ ‘ಟ’ ಅನ್ನಿಸಿದರೂ ಸರಿ.

ಅಭ್ಯಾಸ 6. ಕೋಟೆ ತೋರಿಸುವುದು

ಹೊರಗಿನವರೊಬ್ಬರು ಬಂದಿದ್ದಾರೆ, ನೀವು ಕೋಟೆಯಲ್ಲಿ ನಿಂತಿದ್ದೀರಿ. ಗೆರೆ ಇದ್ದಲ್ಲಿ ಉಸಿರು ತೆಗೆದುಕೊಳ್ಳಿ. ಇಲ್ಲಿ ‘ಮಾಸ್ಕ್’ ಎಂದರೆ ಮಸೀದಿ.

ದ ಬಹಮನಿ ಕಿಂಗ್ಡಮ್ ಬಿಗ್ಯಾನ್ | ಇನ್ ಥರ್ಟೀನ್ ಫ಼ೋರ್ಟಿ ಸೆವೆನ್. | ಕಲಬುರಗಿ ವಾಜ಼್ ಇಟ್ಸ್ ಕ್ಯಾಪಿಟಲ್. | ದ ಬಿಗ್ ಮಾಸ್ಕ್ ಇನ್ಸೈಡ್ ದ ಫ಼ೋರ್ಟ್ | ವಾಜ಼್ ಬಿಲ್ಟ್ ಇನ್ ಥರ್ಟೀನ್ ಸಿಕ್ಸ್ಟಿ ಸೆವೆನ್. | ಲೇಟರ್, ದ ಕ್ಯಾಪಿಟಲ್ ಮೂವ್ಡ್ ಟು ಬೀದರ್. | ಮಹಮೂದ್ ಗವಾನ್ಸ್ ಮದ್ರಸಾ ಇಜ಼್ ದೇರ್, | ಬಿಲ್ಟ್ ಇನ್ ಫ಼ೋರ್ಟೀನ್ ಸೆವೆಂಟಿ ಟೂ.

‘ಮೂವ್ಡ್’ ಒಂದೇ ತುಂಡಿನ ಮಾತು, ‘ಮೂವೆಡ್’ ಅಲ್ಲ. ಹಾಗೆಯೇ ‘ವರ್ಕ್ಟ್’, ‘ಕ್ಲೀನ್ಡ್’. ‘ವಾಂಟಿಡ್’, ‘ನೀಡಿಡ್’ಗೆ ಮಾತ್ರ ‘ಇಡ್’ ಸೇರುತ್ತದೆ, ಏಕೆಂದರೆ ಅಲ್ಲಿ ಮೊದಲೇ ಟ, ಡ ಇವೆ.

ಈ ಸಾಲುಗಳನ್ನು ಮೊಬೈಲಿನಲ್ಲಿ ಎರಡು ಸಲ ಮುದ್ರಿಸಿಕೊಳ್ಳಿ, ಇವತ್ತು ಒಮ್ಮೆ, ಶುಕ್ರವಾರ ರಾತ್ರಿ ಒಮ್ಮೆ. ಮೊದಲನೆಯದನ್ನು ಅಳಿಸಬೇಡಿ. ಶನಿವಾರ ಆರು ಗಂಟೆಗೆ ಎರಡನ್ನೂ ಪಕ್ಕದವರಿಗೆ ಕೇಳಿಸಿ; ಇಸವಿ ಮೂರನ್ನೂ ಅವರು ಅಂಕಿಯಲ್ಲಿ ತಪ್ಪಿಲ್ಲದೆ ಬರೆದರೆ ಮುಂದಿನ ಹಾಳೆ ಕೊಡುತ್ತೇನೆ.